ಚೈನಿಗೊಂದು ಅಡಿ

ಕಡೂರಿನ ಕಾಲೇಜಿನಲ್ಲಿ ಪಿಯುಸಿ ಓದುವಾಗ ನನಗೆ ಗಣಿತ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ಎಡವಟ್ಟಾದದ್ದೇ ಅಲ್ಲಿ.

ಗಣಿತದ ಮೇಷ್ಟ್ರು ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ದೊಡ್ಡದೊಂದು ವೃತ್ತ ಬರೆದರು. ತ್ರಿಜ್ಯ ಒಂದು ಅಂದರು. ನಡುವಿನಿಂದ ಎರಡು ಗೆರೆ ಎಳೆದು, ನಡುವಿನ ಕೋನಕ್ಕೆ ಎಕ್ಸ್ ಎಂದು ಹೆಸರಿಟ್ಟರು. ಒಳಗೊಂದು ಪುಟ್ಟ ತ್ರಿಕೋನ, ಅದನ್ನು ನುಂಗಿದ ವೃತ್ತದ ಹೋಳು, ಆ ಹೋಳನ್ನೂ ನುಂಗಿದ ದೊಡ್ಡ ತ್ರಿಕೋನ. ಮೂರರ ವಿಸ್ತೀರ್ಣವನ್ನು ಸಾಲಾಗಿ ಬರೆದರು: ಸೈನ್ ಎಕ್ಸಿನ ಅರ್ಧ, ಎಕ್ಸಿನ ಅರ್ಧ, ಟ್ಯಾನ್ ಎಕ್ಸಿನ ಅರ್ಧ. ಕೋನವನ್ನು ರೇಡಿಯನ್ನಿನಲ್ಲಿ ಅಳೆದಿರಬೇಕು, ಇಲ್ಲದಿದ್ದರೆ ಈ ಲೆಕ್ಕ ನಡೆಯುವುದಿಲ್ಲ ಎಂದು ಎರಡು ಸಲ ಹೇಳಿದರು. ಇದರಿಂದ ಸೈನ್ ಎಕ್ಸನ್ನು ಎಕ್ಸಿನಿಂದ ಭಾಗಿಸಿದರೆ ಬರುವ ಸಂಖ್ಯೆ ಒಂದಕ್ಕೂ ಕಾಸ್ ಎಕ್ಸಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಕೋನ ಕುಗ್ಗುತ್ತಾ ಸೊನ್ನೆಯ ಕಡೆ ಹೋದರೆ ಕಾಸ್ ಎಕ್ಸ್ ಒಂದಾಗುತ್ತದೆ, ನಡುವೆ ಸಿಕ್ಕಿದ್ದು ಇನ್ನೆಲ್ಲಿಗೆ ಹೋಗಬೇಕು? ಅದೂ ಒಂದಕ್ಕೇ. ಆಮೇಲೆ ಅದೇ ಚಿತ್ರದಲ್ಲಿ ವೃತ್ತದ ಮೇಲಿನ ಬಾಗಿದ ಗೆರೆ ಕಂಸ, ಅದರ ಎರಡು ತುದಿ ಸೇರಿಸುವ ನೇರ ಗೆರೆ ಜ್ಯಾ ಎಂದು ತೋರಿಸಿದರು. ಜ್ಯಾ ಎಂದರೆ ಅರ್ಧ ಕೋನದ ಸೈನಿನ ಎರಡರಷ್ಟು. ಹಾಗಾಗಿ ಕಂಸವನ್ನು ಜ್ಯಾದಿಂದ ಭಾಗಿಸಿದರೂ ಕೋನ ಕುಗ್ಗಿದಂತೆ ಒಂದಕ್ಕೇ ಬರುತ್ತದೆ.

"ಕೋನ ಕುಗ್ಗಿದಂತೆ ಕಣ್ರೋ, ಕುಗ್ಗಿದಂತೆ! ಅದನ್ನ ಬಿಟ್ಟು ಬರೆದ್ರೆ ಸೊನ್ನೆ ಹಾಕ್ತೀನಿ," ಅಂದರು.

ನಾನು ಬಿಡದೆ ಬರೆದೆ, ಸೊನ್ನೆ ಬೀಳಲಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ಎರಡು ಪದ ತಲೆಯಿಂದ ಜಾರಿಹೋದವು, ಕಂಸವೂ ಜ್ಯಾವೂ ಒಂದೇ ಎನ್ನುವುದಷ್ಟೇ ಉಳಿಯಿತು. ಅಷ್ಟನ್ನೇ ಬಂಡವಾಳ ಮಾಡಿಕೊಂಡು ಡಿಪ್ಲೊಮಾ ಮುಗಿಸಿ, ಎಂಬತ್ತರ ದಶಕ ಶುರುವಾಗುವ ಹೊತ್ತಿಗೆ ತರೀಕೆರೆಯಲ್ಲಿ ರಸ್ತೆ ಕೆಲಸದ ಜೂನಿಯರ್ ಇಂಜಿನಿಯರ್ ಆಗಿ ಕುಳಿತೆ. ಇನ್ನೂ ಪ್ರೊಬೇಷನ್ನು. ಆದರೂ ಜಂಬ ನೋಡಬೇಕಿತ್ತು ನಂದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನಾನು ನಡುಮಧ್ಯಾಹ್ನದಲ್ಲೇ ಕೊಡೆ ಹಿಡಿಸಿಕೊಂಡು, ಕೋನ ಅಳೆಯುವ ದುರ್ಬೀನು ಥಿಯೊಡೊಲೈಟಿನ ಹಿಂದೆ ನಿಲ್ಲುತ್ತಿದ್ದೆ.

ನನ್ನ ಕೈಕೆಳಗೆ ಒಬ್ಬ ಚೈನ್‌ಮನ್ ಇದ್ದ. ಚೈನ್ ಅಂದರೆ ಅಳತೆಯ ಸರಪಳಿ, ಮೂವತ್ತು ಮೀಟರಿನದು, ಎರಡು ತುದಿಗೂ ಹಿತ್ತಾಳೆಯ ಹಿಡಿ. ಅದನ್ನು ಎಳೆಯುವ ಇವನು ಯಗಟಿ ಕಡೆಯವನು, ನನಗಿಂತ ಇಪ್ಪತ್ತೈದು ವರ್ಷ ದೊಡ್ಡವನು. ಹದಿನೆಂಟು ವರ್ಷದಿಂದ ಮಸ್ಟರ್ ರೋಲಿನಲ್ಲೇ ಇದ್ದ, ಅಂದರೆ ದಿನಗೂಲಿ. ಬಂದ ದಿನ ಹಾಜರಿ, ಬಾರದ ದಿನ ಇಲ್ಲ, ಬೇಡ ಅಂದ ದಿನ ಮನೆಗೆ. ಆ ವರ್ಷ ಹಳಬರನ್ನು ಕಾಯಂ ಮಾಡುವ ಪಟ್ಟಿ ತಯಾರಾಗಿತ್ತು. ನಮ್ಮ ಸಬ್‌ಡಿವಿಷನ್ನಿನಿಂದ ಹೋಗುವುದು ಅವನೊಬ್ಬನದೇ ಹೆಸರು. ನಮ್ಮ ಸಾಹೇಬರು, ಅಂದರೆ ಸಬ್‌ಡಿವಿಷನ್ನಿನ ಇಂಜಿನಿಯರು, "ಕೆಲಸ ತೃಪ್ತಿಕರ" ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಮುಗಿಯಿತು. ಅವನು ಆ ಒಂದು ಸಾಲಿಗಾಗಿ ಕಾಯುತ್ತಿದ್ದ. ಬೆಳಿಗ್ಗೆ ಚೈನು ಬಿಡಿಸುವಾಗ, "ಸಾರ್, ಸಾಹೇಬ್ರು ಬರುದ್ರಾ?" ಅಂತ ಕೇಳುವುದು, ನಾನು "ಬರೀತಾರೆ ಕಣಯ್ಯಾ, ಜೀವ ತಿನ್ಬೇಡ" ಅನ್ನುವುದು, ದಿನಾ ಇದೇ ಪಾಡು.

ತರೀಕೆರೆಯಿಂದ ಅಜ್ಜಂಪುರಕ್ಕೆ ಹೋಗುವ ದಾರಿಯಲ್ಲಿ ಒಂದು ಹಳ್ಳಕ್ಕೆ ಹೊಸ ಸೇತುವೆ ಕಟ್ಟಿದ್ದರು. ಸೇತುವೆ ಇದ್ದದ್ದು ಒಂದು ಕಡೆ, ರಸ್ತೆ ಬರುತ್ತಿದ್ದದ್ದು ಇನ್ನೊಂದು ಕಡೆ. ನಡುವೆ ಒಂದು ತಿರುವು ಹಾಕಿ ಎರಡನ್ನೂ ಸೇರಿಸಬೇಕು. ನಕ್ಷೆಯ ಪ್ರಕಾರ ತಿರುವಿನ ತ್ರಿಜ್ಯ ಅರವತ್ತು ಮೀಟರು, ಉದ್ದ ತೊಂಬತ್ತು. ಅಂದರೆ ಸರಿಯಾಗಿ ಮೂರು ಚೈನು. ನಮ್ಮಲ್ಲಿ ಒಂದು ರೂಢಿ ಇತ್ತು, ಚೈನಿಗೊಂದು ಗೂಟ. ನೇರ ರಸ್ತೆಯಲ್ಲಿ ಬಲು ಅನುಕೂಲ, ಗೂಟ ಎಣಿಸಿದರೆ ರಸ್ತೆಯ ಉದ್ದ ಸಿಕ್ಕಿತು. ತಿರುವಿಗೂ ನಾನು ಅದನ್ನೇ ಹಿಡಿದೆ. ಮೂರು ಚೈನು, ಮೂರು ಗೂಟ, ಮಧ್ಯಾಹ್ನದ ಊಟಕ್ಕೆ ತರೀಕೆರೆ.

ರಸ್ತೆ ಬಾಗಲು ತೊಡಗುವ ಜಾಗದಲ್ಲಿ ಥಿಯೊಡೊಲೈಟ್ ನಿಲ್ಲಿಸಿದೆ. ಕಂಸ ಮೂವತ್ತು ಮೀಟರ್ ಆದರೆ ನೇರ ದಾರಿಯಿಂದ ಎಷ್ಟು ಕೋನ ತಿರುಗಿಸಬೇಕು ಎನ್ನುವುದಕ್ಕೆ ಸೂತ್ರವಿದೆ. ಹದಿನಾಲ್ಕು ಡಿಗ್ರಿ ಹತ್ತೊಂಬತ್ತೂವರೆ ಮಿನಿಟು ಬಂತು. ಮೊದಲ ಗೂಟಕ್ಕೆ ಅಷ್ಟು, ಎರಡನೆಯದಕ್ಕೆ ಅದರ ಎರಡರಷ್ಟು, ಮೂರನೆಯದಕ್ಕೆ ಮೂರರಷ್ಟು. ಚೈನಿನ ಹಿಂದಿನ ತುದಿಯನ್ನು ಹಿಂದಿನ ಗೂಟಕ್ಕೆ ಒಬ್ಬ ಕೂಲಿಯವನು ಹಿಡಿಯುತ್ತಾನೆ. ಮುಂದಿನ ತುದಿಯನ್ನು ಚೈನ್‌ಮನ್ ಬಿಗಿಯಾಗಿ ಎಳೆದುಕೊಂಡು, ನನ್ನ ದುರ್ಬೀನಿನ ಗೆರೆಗೆ ಬರುವ ತನಕ ಅತ್ತಿತ್ತ ಸರಿಯುತ್ತಾನೆ. ಬಂದಲ್ಲಿ ಗೂಟ.

ಶುರು ಮಾಡುವ ಮುಂಚೆಯೇ ಅವನು ನನ್ನ ಹತ್ತಿರ ಬಂದು ಮೆಲ್ಲಗೆ, "ಸಾರ್, ಇದು ಬಾಳಾ ತಿರುವು. ಇಂಥಾ ಕಡೆ ಪೂರಾ ಚೈನ್ ಹಿಡಿಯೋರಲ್ಲ. ಐದೈದು ಮೀಟ್ರು ಹಿಡೀತಿದ್ರು ಹಿಂದಿನ ಸಾಹೇಬ್ರು," ಅಂದ.

"ಯಾಕೋ?"

"ಅದು ನಂಗೊತ್ತಿಲ್ಲ ಸಾರ್. ಹಂಗೆ ಮಾಡೋರು. ಚೈನು ನೆಟ್ಟಗೆ ಹೋಯ್ತದೆ, ರಸ್ತೆ ಬಗ್ಗಿ ಹೋಯ್ತದೆ. ಉದ್ದ ಒಂದೇ ಆಗಾಕಿಲ್ವಲ್ಲ."

ಇಡೀ ಗಣಿತ ಅವನ ಬಾಯಲ್ಲಿತ್ತು. ಅದನ್ನು ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ. ಸುತ್ತ ಕಲ್ಲು ಕೆಲಸದವರು, ಮಣ್ಣು ಹೊರುವ ಹೆಂಗಸರು ಇಪ್ಪತ್ತು ಜನ ನಿಂತಿದ್ದರು. ಅವರ ಮುಂದೆ ಅಕ್ಷರ ಬಾರದವನು ನನಗೆ ಪಾಠ ಹೇಳುವುದೇ? ಮೈ ಉರಿಯಿತು.

"ಓಹೋ! ನೀನ್ಯಾವ ಪಾಲಿಟೆಕ್ನಿಕ್‌ನಲ್ಲಿ ಓದಿದ್ದಪ್ಪಾ? ಸೈನ್ ಅಂದ್ರೇನು ಹೇಳು ನೋಡೋಣ. ಹೇಳೋ ಲೇ, ಎಲ್ರೂ ಕೇಳ್ಲಿ."

ಅವನು ನೆಲ ನೋಡಿದ. ನಾನು ಬಿಡಲಿಲ್ಲ. "ಹೇಳೋವರ್ಗೂ ಕೆಲಸ ಶುರು ಮಾಡಲ್ಲ" ಎಂದು ಕೈ ಕಟ್ಟಿ ನಿಂತೆ. ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ನನಗೆ ಅದು ಬೇಕಾಗಿತ್ತು. ಕೊನೆಗೆ ಅವನು, "ತೆಪ್ಪಾಯ್ತು ಸಾರ್, ಗೊತ್ತಿಲ್ದೆ ಅಂದ್ಬುಟ್ಟೆ" ಅಂದ. ಆಮೇಲೆ ಚೈನು ಬಿಡಿಸಲು ಹೇಳಿದೆ.

ಮೂರನೆಯ ಗೂಟ ಸೇತುವೆಯ ಅಂಚಿನಲ್ಲಿ ಬಣ್ಣ ಬಳಿದ ಗುರುತಿನ ಮೇಲೆ ಬರಬೇಕಿತ್ತು. ಬರಲಿಲ್ಲ. ದಿಕ್ಕು ಸರಿಯಾಗಿತ್ತು, ದುರ್ಬೀನಿನ ಗೆರೆ ಗುರುತಿನ ಮೇಲೇ ಇತ್ತು. ಆದರೆ ಚೈನಿನ ತುದಿ ಅದನ್ನು ದಾಟಿ ಎಂಬತ್ತಾರು ಸೆಂಟಿಮೀಟರ್ ಆಚೆ ಹೋಗಿತ್ತು. ಹೊಟ್ಟೆ ಹಸಿದಿತ್ತು, ಬಿಸಿಲು ನೆತ್ತಿ ಸುಡುತ್ತಿತ್ತು. "ಗುರುತಿನ ಮೇಲೆ ಹೊಡಿ ಗೂಟಾನ," ಅಂದೆ.

"ಸಾರ್, ಇದು ಸರಿಹೋಗಾಕಿಲ್ಲ..."

"ಹೊಡಿ ಅಂದ್ನಲ್ಲ!"

ಹೊಡೆದ. ಹತ್ತು ದಿನದಲ್ಲಿ ಆ ಗೂಟಗಳ ಲೆಕ್ಕದಲ್ಲೇ ಪಾಯ ತೋಡಿ, ರಸ್ತೆಯ ಹೊರ ಅಂಚಿನ ತಡೆಗೋಡೆಗೆ ಎರಡು ವರಸೆ ಕಲ್ಲು ಕೂರಿಸಿದರು. ಸಾಹೇಬರು ಜೀಪಿನಲ್ಲಿ ಬಂದು ಸೇತುವೆಯ ಮೇಲೆ ನಿಂತು ನೋಡಿದರು. ಗೋಡೆ ಹೋಗ್ತಾ ಹೋಗ್ತಾ ಹೊರಕ್ಕೆ ಉಬ್ಬಿ, ಸೇತುವೆಯ ಹತ್ತಿರ ಯಾರೋ ಕಿವಿ ಹಿಡಿದು ಎಳೆದಂತೆ ತಟ್ಟನೆ ಒಳಕ್ಕೆ ಬಂದಿತ್ತು. ಕುರುಡನಿಗೂ ಕಾಣುವಂಥ ಡೊಂಕು.

"ಏನಯ್ಯಾ ಇದು, ಹಾವು ಹೋದಂಗೆ?" ಸಾಹೇಬರು ಕಿರುಚಲಿಲ್ಲ, ಅದಕ್ಕೇ ಹೆಚ್ಚು ಭಯವಾಯಿತು. "ಕೀಳಿಸು ಎಲ್ಲಾನೂ. ನಾಳೆ ಬೆಳಿಗ್ಗೆ ಆಫೀಸಿಗೆ ಬಾ. ಯಾರ ತಪ್ಪು ಅಂತ ಬರೆದುಕೊಂಡು ಬಾ."

ಸಂಜೆ ತರೀಕೆರೆಯ ಕೋಣೆಯಲ್ಲಿ ಅಳತೆ ಬರೆದ ಫೀಲ್ಡ್ ಬುಕ್ಕನ್ನೂ ಲಾಗ್ ಟೇಬಲ್ಲನ್ನೂ ಮುಂದಿಟ್ಟುಕೊಂಡು ಕೂತೆ. ಐದು ನಿಮಿಷ ಹಿಡಿಯಿತು. ಕೋನವನ್ನು ನಾನು ಲೆಕ್ಕ ಹಾಕಿದ್ದು ಮೂವತ್ತು ಮೀಟರಿನ ಕಂಸಕ್ಕೆ. ಎಳೆಸಿದ್ದು ಮೂವತ್ತು ಮೀಟರಿನ ಜ್ಯಾ. ಆ ಕಂಸಕ್ಕೆ ಜ್ಯಾ ಎಷ್ಟಿರಬೇಕು? ಹದಿನಾಲ್ಕು ಡಿಗ್ರಿ ಹತ್ತೊಂಬತ್ತೂವರೆ ಮಿನಿಟಿನ ಸೈನು, ಅದನ್ನು ತ್ರಿಜ್ಯದ ಎರಡರಷ್ಟಾದ ನೂರಿಪ್ಪತ್ತರಿಂದ ಗುಣಿಸಿದರೆ ಇಪ್ಪತ್ತೊಂಬತ್ತು ಪಾಯಿಂಟ್ ಆರು ಒಂಬತ್ತು. ಚೈನಿಗೆ ಮೂವತ್ತೊಂದು ಸೆಂಟಿಮೀಟರ್ ಹೆಚ್ಚಾಗಿ ಎಳೆಸಿದ್ದೆ. ಅಷ್ಟರಿಂದ ನನ್ನ ತಿರುವು ಅರವತ್ತರ ಬದಲು ಅರವತ್ತು ಮೀಟರ್ ಅರವತ್ಮೂರು ಸೆಂಟಿಮೀಟರ್ ತ್ರಿಜ್ಯದ ಬೇರೊಂದು ವೃತ್ತದ ಮೇಲೆ ಹೋಗಿತ್ತು. ಕೊನೆಯಲ್ಲಿ ಎಷ್ಟು ತಪ್ಪುತ್ತದೆ ಎಂದು ಲೆಕ್ಕ ಹಾಕಿದೆ. ಎಂಬತ್ತಾರು ಸೆಂಟಿಮೀಟರ್. ಕರಾರುವಾಕ್ಕು!

ಐದು ಮೀಟರಿನ ತುಂಡು ಹಿಡಿದಿದ್ದರೆ? ಅದನ್ನೂ ನೋಡಿದೆ. ತುಂಡಿಗೆ ಒಂದೂವರೆ ಮಿಲಿಮೀಟರು ಕೂಡ ತಪ್ಪುವುದಿಲ್ಲ. ತುಂಡು ಆರನೇ ಒಂದು ಪಾಲಾದರೆ ಕೊನೆಯ ತಪ್ಪು ಮೂವತ್ತಾರನೇ ಒಂದು ಪಾಲಿಗೆ ಇಳಿಯುತ್ತದೆ. ಕೋನ ಕುಗ್ಗಿದಂತೆ ಕಂಸ ಜ್ಯಾ ಒಂದಾಗುವುದೆಂದರೆ ಇದೇ, ಅದೂ ಇಷ್ಟು ಬೇಗ ಬೇಗ. ಅಬ್ಬಾ, ಎಷ್ಟು ಚೆಂದ ಅನಿಸಿತು. ನಿಜ ಹೇಳುತ್ತೇನೆ, ಮೊದಲು ಅನಿಸಿದ್ದು ಅದೇ. ಎರಡನೆಯದಾಗಿ ಅನಿಸಿದ್ದು, ನನ್ನ ಪ್ರೊಬೇಷನ್ ಹೋಯಿತು ಎಂದು. ಚೈನ್‌ಮನ್ನಿನ ನೆನಪಾದದ್ದು ಮೂರನೆಯದಾಗಿ. ಅದೂ ಹೇಗೆ? ಮೂವತ್ತೊಂದು ಸೆಂಟಿಮೀಟರ್ ಅಂದರೆ ಹೆಚ್ಚುಕಡಿಮೆ ಒಂದು ಅಡಿ, ಚೈನು ಎಳೆಯುವವನ ಕೈ ತಪ್ಪಿದರೂ ಗೂಟಗಳು ಹೀಗೇ ಬೀಳುತ್ತವೆ, ಸಾಕ್ಷಿ ಬೇರೆ ಬೇಕಿಲ್ಲ ಎಂದು ಹೊಳೆದಾಗ.

ಬೆಳಿಗ್ಗೆ ಸಾಹೇಬರ ಮೇಜಿನ ಮುಂದೆ ನಿಂತು, "ಒಂದೊಂದು ಚೈನಿಗೂ ಒಂದೊಂದು ಅಡಿ ಜಾಸ್ತಿ ಎಳೆದಿದ್ದಾನೆ ಸಾರ್," ಅಂದೆ. ಲೆಕ್ಕದ ಪ್ರಕಾರ ಸುಳ್ಳೂ ಅಲ್ಲ, ಎಳೆದದ್ದು ಅವನೇ, ಹೆಚ್ಚಾದದ್ದೂ ಅಡಿಯೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆ ಗಾದೆಯ ಹೆಂಗಸು ನನಗಿಂತ ಮೇಲು, ನೆಲಕ್ಕೆ ಹೊಟ್ಟೆಬಟ್ಟೆ ಇರುವುದಿಲ್ಲ.

ಅವನನ್ನು ಕರೆಸಿದರು. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಬಂದ. ಸಾಹೇಬರು ವಿಷಯ ಹೇಳಿದಾಗ ಅವನು ನನ್ನ ಕಡೆ ನೋಡಿದ. ಸಿಟ್ಟಲ್ಲ, ನಾನು ಏನಾದರೂ ಹೇಳುತ್ತೇನೆಂದು ಕಾದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

"ಚೈನೇನಾದ್ರೂ ಹಿಗ್ಗಿರಬೈದು ಸ್ವಾಮಿ," ಅಂದ. "ಅಳ್ದು ನೋಡಿ. ನನ್ ಕೈ ತಪ್ಪಿರಾಕಿಲ್ಲ."

ಹಳೆಯ ಚೈನು ಎಳೆದೆಳೆದು ಕೊಂಡಿಗಳು ಸವೆದು ಹಿಗ್ಗುವುದುಂಟು. ಆಫೀಸಿನ ಅಂಗಳದಲ್ಲಿ ಅದನ್ನು ಪರೀಕ್ಷೆ ಮಾಡಲೆಂದೇ ಮೂವತ್ತು ಮೀಟರ್ ಅಂತರದಲ್ಲಿ ಎರಡು ಕಲ್ಲು ನೆಟ್ಟಿದ್ದರು. ಎಲ್ಲರೂ ಅಂಗಳಕ್ಕೆ ಹೋದೆವು. ಅವನೇ ಚೈನು ತಂದ. ಒಂದೊಂದು ಕೊಂಡಿಯ ಮಣ್ಣನ್ನೂ ಪಂಚೆಯ ತುದಿಯಲ್ಲಿ ಒರೆಸಿದ. ಸಾಹೇಬರೇ ಕೂತು ನೋಡಿದರು. ಚೈನು ಕಲ್ಲಿನಿಂದ ಕಲ್ಲಿಗೆ ಸರಿಯಾಗಿ ಕೂತಿತು. ಒಂದು ಬೆರಳಿನಷ್ಟೂ ಹೆಚ್ಚಿಲ್ಲ. ಅವನು ಅದನ್ನು ಎಷ್ಟು ಜೋಪಾನ ಮಾಡಿದ್ದನೆಂದರೆ ಅದು ಹಿಗ್ಗಿರಲೇ ಇಲ್ಲ. ಹಿಗ್ಗಿದ್ದರೆ ಬದುಕುತ್ತಿದ್ದ.

"ಚೈನ್ ಸರಿ ಇದೆ. ಹಂಗಾದ್ರೆ ನಿನ್ ಕೈಯೇ ತಪ್ಪಿದೆ," ಅಂದರು ಸಾಹೇಬರು.

ಅವನು ಚೈನನ್ನೇ ನೋಡುತ್ತಾ ನಿಂತ. ಐದೈದು ಮೀಟರಿನ ವಿಷಯ ಈಗಾದರೂ ಹೇಳುತ್ತಾನೆ ಎಂದು ನಾನು ಹೆದರಿದ್ದೆ. ಹೇಳಲಿಲ್ಲ. ಇಪ್ಪತ್ತು ಜನರ ಮುಂದೆ ನಾನು ಅವನ ಬಾಯಿಗೆ ಬೀಗ ಹಾಕಿದ್ದೆನಲ್ಲ, ಅದು ಸಾಹೇಬರ ಅಂಗಳದಲ್ಲೂ ತೆರೆಯಲಿಲ್ಲ.

ಒಳಗೆ ಬಂದ ಮೇಲೆ ಸಾಹೇಬರು ನನ್ನ ಫೀಲ್ಡ್ ಬುಕ್ ಕೇಳಿದರು. ತ್ರಿಜ್ಯ ಅರವತ್ತು, ತುಂಡು ಮೂವತ್ತು ಎಂದು ಬರೆದಿದ್ದ ಸಾಲಿನ ಮೇಲೆ ಅವರ ಪೆನ್ನು ನಿಂತಿತು. ಮೂವತ್ತು ವರ್ಷ ರಸ್ತೆ ಹಾಕಿಸಿದವರು, ಅವರಿಗೆ ಲಾಗ್ ಟೇಬಲ್ ಬೇಕಿರಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದರು. ಬಹಳ ಹೊತ್ತು ನೋಡಿದರು. ಪುಸ್ತಕ ಮುಚ್ಚಿ ಕೈಗೆ ಕೊಟ್ಟು, "ಮುಂದಿನ ಸಲ ಸಣ್ಣ ತುಂಡು ಹಿಡಿ," ಅಂದರು.

ಅಷ್ಟೇ. ಆಮೇಲೆ ಕಾಯಂ ಮಾಡುವ ಪಟ್ಟಿಯನ್ನು ಎಳೆದುಕೊಂಡು, "ಕೆಲಸ ತೃಪ್ತಿಕರ" ಎಂದು ಬರೆಯಬೇಕಾದ ಜಾಗದಲ್ಲಿ "ಅಳತೆಯಲ್ಲಿ ಬೇಜವಾಬ್ದಾರಿ, ಶಿಫಾರಸು ಮಾಡಿಲ್ಲ" ಎಂದು ಬರೆದು ಸಹಿ ಹಾಕಿದರು. ಪ್ರೊಬೇಷನ್ನಿನ ಹುಡುಗನ ಫೈಲಿಗೆ ಕಪ್ಪು ಚುಕ್ಕೆ ಬಿದ್ದರೆ ಮೇಲಿನಿಂದ ಹತ್ತು ಪ್ರಶ್ನೆ ಬರುತ್ತವೆ. ಮಸ್ಟರ್ ರೋಲಿನವನ ವಿಷಯದಲ್ಲಿ ಯಾರೂ ಕೇಳುವುದಿಲ್ಲ. ಮುಂದಿನ ತಿಂಗಳ ರೋಲಿನಲ್ಲಿ ಅವನ ಹೆಸರೇ ಇರಲಿಲ್ಲ.

ತಿರುವಿಗೆ ಹೊಸದಾಗಿ ಗೂಟ ಹಾಕಿದೆ, ಬೇರೆಯವನನ್ನು ಕರೆದುಕೊಂಡು, ಐದೈದು ಮೀಟರಿನ ಹದಿನೆಂಟು ತುಂಡು ಹಿಡಿದು. ಕೊನೆಯ ಗೂಟ ಗುರುತಿನಿಂದ ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಬಂತು. ಖುಷಿಯಾಯಿತು. ನಾಚಿಕೆ ಆಗಬೇಕಿತ್ತು, ಖುಷಿಯಾಯಿತು. ಮುಂದೆ ತಿರುವು ಹಾಕುವುದರಲ್ಲಿ ನನಗೆ ಹೆಸರೇ ಬಂತು. ಲಕ್ಕವಳ್ಳಿ ಕಡೆಯ ಹೊಸ ಹುಡುಗರಿಗೆಲ್ಲ ನಾನೇ ಹೇಳಿಕೊಡುತ್ತಿದ್ದೆ: ತುಂಡು ತ್ರಿಜ್ಯದ ಹತ್ತನೇ ಒಂದಕ್ಕಿಂತ ಹೆಚ್ಚಿರಬಾರದು ಕಣ್ರಪ್ಪಾ, ಕೋನ ಕುಗ್ಗಿದರೆ ಮಾತ್ರ ಕಂಸ ಜ್ಯಾ ಒಂದು. ಹುಡುಗರು ಬರೆದುಕೊಳ್ಳುತ್ತಿದ್ದರು.

ಐದಾರು ವರ್ಷವಾದ ಮೇಲೆ ಒಂದು ದಿನ ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ಅವನು ಸಿಕ್ಕಿದ. ಆ ಹೊತ್ತಿಗೆ ನನ್ನ ನೌಕರಿ ಕಾಯಂ ಆಗಿ ಬಡ್ತಿಯೂ ಬಂದಿತ್ತು. ಅವನು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಯಗಟಿಯ ಬಸ್ಸಿಗೆ ಕಾಯುತ್ತಾ ಕುಕ್ಕರುಗಾಲಲ್ಲಿ ಕೂತಿದ್ದ. ನಾನು ಕಾಣದವನಂತೆ ಹೋಗಬೇಕೆಂದಿದ್ದೆ, ಅಷ್ಟರಲ್ಲಿ ಎದ್ದು ನಿಂತು ಕೈಮುಗಿದುಬಿಟ್ಟ.

"ಚೆನ್ನಾಗಿದೀರಾ ಸಾರ್?"

"ಹ್ಞೂಂ. ನೀನೇನ್ ಮಾಡ್ತಿದೀಯಯ್ಯಾ?"

"ಯಾರ್ದೋ ಕುರಿ ಕಾಯ್ತೀನಿ ಸಾರ್. ನಡೀತದೆ." ಹತ್ತಿರ ಬಂದು ದನಿ ತಗ್ಗಿಸಿದ. "ಸಾರ್, ಊರಿಗೋದ್ಮೇಲೆ ನಾನು ಒಂದು ಕೆಲ್ಸ ಮಾಡ್ದೆ. ತೆಂಗಿನ ನಾರಿನ ಹಗ್ಗ ಹೊಸೆದು, ಮೂವತ್ ಮೀಟ್ರು ಗುರುತು ಮಾಡಿ, ಹಿಂದ್ಗಡೆ ಹೊಲ್ದಾಗೆ ಎಳ್ದು ಎಳ್ದು ನೋಡ್ದೆ. ವರ್ಷಗಟ್ಲೆ ನೋಡಿದೀನಿ. ಒಂದಿನಾನೂ ಒಂದಡಿ ತಪ್ಪಾಕಿಲ್ಲ ಸಾರ್ ನನ್ ಕೈ. ಒಂದ್ ಬೆರಳು, ಹೆಚ್ಚಂದ್ರೆ ಎಲ್ಡು. ಆವತ್ತು ಮಾತ್ರ ಯಾಕಂಗಾಯ್ತೋ!"

ನಾನು ಬಸ್ಸು ಬರುವ ದಾರಿ ನೋಡಿದೆ. ಹೇಳಲು ನನ್ನ ಹತ್ತಿರ ಇದ್ದದ್ದು ಒಂದೇ ಮಾತು. ಈಗ ಹೇಳಿದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ, ಕೇಳುವವರೂ ಇರಲಿಲ್ಲ. ಯಗಟಿ ಬಸ್ಸು ಬಂದು ನಿಂತಿತು. ಅವನು ಕಂಬಳಿ ಸರಿ ಮಾಡಿಕೊಂಡ.

"ಚೈನ್ ಸರಿಗಿತ್ತು, ನನ್ ಕಣ್ಣಾರೆ ನೋಡ್ದೆ. ಅಂದ್ಮೇಲೆ ನಂದೇ ತೆಪ್ಪು. ನನ್ನಿಂದ ನಿಮಗೆ ಸಾಹೇಬ್ರ ಹತ್ರ ಮಾತು ಕೇಳಂಗಾಯ್ತು. ಅದೊಂದು ಮನಸ್ನಲ್ಲೇ ಉಳ್ಕಂಬುಟ್ಟಿತ್ತು ಸಾರ್. ತೆಪ್ಪಾಯ್ತು ಅಂತ ಒಂದ್ಮಾತು ಹೇಳ್ಬೇಕು ಅಂತಿದ್ದೆ." ಬಗ್ಗಿ ನನ್ನ ಕಾಲಿಗೆ ಕೈ ಹಾಕಲು ಬಂದ.

ನಾನು ಅವನ ಭುಜ ಹಿಡಿದು ಎತ್ತಿದೆ. "ಹೋಗ್ಲಿ ಬಿಡಪ್ಪಾ, ಆಗಿದ್ದಾಯ್ತು," ಎಂದು ಕ್ಷಮಿಸಿದೆ.